ಮನೆಯ ಕಂಪ್ಯೂಟರನ್ನು ಎಬ್ಬಿಸಿ, ಬಾಗಿಲು ಮಾತ್ರ ತೆರೆದಿಡಬೇಡಿ

ಊರಿನ ಮನೆಯಲ್ಲಿ ಗ್ರಾಫಿಕ್ಸ್ ಕಾರ್ಡ್ ಇರುವ ಒಳ್ಳೆಯ ಡೆಸ್ಕ್‌ಟಾಪ್, ಬೆಂಗಳೂರಿನ ಪಿ.ಜಿ.ಯಲ್ಲಿ ನಾಲ್ಕು ಟ್ಯಾಬ್ ತೆರೆದರೆ ಏದುಸಿರು ಬಿಡುವ ಲ್ಯಾಪ್‌ಟಾಪ್. ಓದಲು ಊರು ಬಿಟ್ಟು ಬಂದ ನಮ್ಮಂಥ ಹಲವರ ಸ್ಥಿತಿ ಇದು. ಆ ಡೆಸ್ಕ್‌ಟಾಪನ್ನು ಇಲ್ಲಿಂದಲೇ ಆನ್ ಮಾಡಿ ಬಳಸುವುದು ಹೇಗೆಂದು ಹುಡುಕಿದರೆ ಸಿಗುವ ವಿಡಿಯೊಗಳಲ್ಲಿ ಹೆಚ್ಚಿನವು ಒಂದೇ ಮಾತು ಹೇಳುತ್ತವೆ: ರೌಟರ್‌ನಲ್ಲಿ 9 ಮತ್ತು 3389 ಎಂಬ ಎರಡು ಪೋರ್ಟ್ ತೆರೆಯಿರಿ, ಮುಗಿಯಿತು. ನನ್ನ ವಾದ ಇಷ್ಟೇ, ಆ ಎರಡನ್ನೂ ತೆರೆಯಬೇಡಿ. ಒಂದು ಕೆಲಸಕ್ಕೆ ಬರುವುದಿಲ್ಲ, ಇನ್ನೊಂದು ಅಪಾಯ.

ಮೊದಲು ಕೆಲಸಕ್ಕೆ ಬಾರದ್ದನ್ನು ನೋಡೋಣ. ವೇಕ್ ಆನ್ ಲ್ಯಾನ್ ಎಂದರೆ ಶಟ್‌ಡೌನ್ ಆದ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡ್ ಮಾತ್ರ ಚೂರು ವಿದ್ಯುತ್ ಹೀರುತ್ತಾ ಒಂದು ಸಂದೇಶಕ್ಕಾಗಿ ಕಿವಿಗೊಟ್ಟು ಕೂತಿರುವುದು. ಆ ಸಂದೇಶಕ್ಕೆ ಮ್ಯಾಜಿಕ್ ಪ್ಯಾಕೆಟ್ ಎಂಬ ದೊಡ್ಡ ಹೆಸರು. ಒಳಗಿರುವುದು ಆರು ಸಲ FF, ಆಮೇಲೆ ಆ ಕಾರ್ಡಿನ ಮ್ಯಾಕ್ ವಿಳಾಸ 16 ಸಲ, ಒಟ್ಟು 102 ಬೈಟ್. ಮಲಗಿದ ಕಂಪ್ಯೂಟರಿಗೆ ಐಪಿ ವಿಳಾಸವೇ ಇರುವುದಿಲ್ಲ. ಹೊರಗಿನಿಂದ ಸಂದೇಶ ಬಂದರೂ ರೌಟರ್‌ಗೆ ಅದನ್ನು ಯಾರಿಗೆ ಕೊಡಬೇಕೆಂದು ತಿಳಿಯದು. ಶಟ್‌ಡೌನ್ ಆಗಿ ಕೆಲವು ನಿಮಿಷ ಹಳೆಯ ನೆನಪಿನ ಮೇಲೆ ಕೊಡುತ್ತದೆ, ನಂತರ ಮರೆಯುತ್ತದೆ. ಸಂಜೆ ಪರೀಕ್ಷಿಸಿದಾಗ ಚೆನ್ನಾಗಿ ಎದ್ದ ಯಂತ್ರ ಬೆಳಿಗ್ಗೆ ಏಳದಿದ್ದರೆ ಕಾರಣ ಬಹುತೇಕ ಇದೇ. ಇದಲ್ಲದೆ ನಮ್ಮಲ್ಲಿ ಅನೇಕ ಇಂಟರ್‌ನೆಟ್ ಸಂಪರ್ಕಗಳಲ್ಲಿ ಒಂದೇ ಐಪಿಯನ್ನು ಹಲವು ಮನೆಗಳು ಹಂಚಿಕೊಂಡಿರುತ್ತವೆ. ಅಲ್ಲಿ ನೀವು ಪೋರ್ಟ್ ತೆರೆದರೂ ಹೊರಗಿನವರಿಗೆ ಅದು ಕಾಣುವುದೇ ಇಲ್ಲ.

ಇನ್ನು 3389. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಈ ಬಾಗಿಲಲ್ಲಿ ಕಾಯುತ್ತದೆ. ತೆರೆದ 3389 ಎಲ್ಲಿದೆ ಎಂದು ಹುಡುಕುವುದನ್ನೇ ಕಸುಬಾಗಿಸಿಕೊಂಡ ತಂತ್ರಾಂಶಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ಸಿಕ್ಕರೆ ಪಾಸ್‌ವರ್ಡ್ ಊಹಿಸುತ್ತಾ ಕೂರುತ್ತವೆ. ಪಾಸ್‌ವರ್ಡ್ ಗಟ್ಟಿಯಿದ್ದರೂ ಸಾಲದ ದಿನಗಳಿವೆ. 2019ರಲ್ಲಿ ಬಯಲಾದ ಬ್ಲೂಕೀಪ್ ಎಂಬ ದೋಷಕ್ಕೆ ಪಾಸ್‌ವರ್ಡೇ ಬೇಕಿರಲಿಲ್ಲ. ಅದರ ಗಂಭೀರತೆ ಎಷ್ಟಿತ್ತೆಂದರೆ ಮೈಕ್ರೊಸಾಫ್ಟ್ ಎಂದೋ ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ಪರಿಹಾರ ಕೊಟ್ಟಿತು. ಮನೆಯ ಕಂಪ್ಯೂಟರಿನಲ್ಲಿ ನನ್ನ ಪ್ರಾಜೆಕ್ಟ್ ಮಾತ್ರ ಇಲ್ಲ. ಅಪ್ಪನ ಅಂಗಡಿಯ ಜಿಎಸ್‌ಟಿ ಲೆಕ್ಕ, ಪಹಣಿಯ ಸ್ಕ್ಯಾನ್, ಅಕ್ಕನ ಮದುವೆಯ ಫೋಟೊ ಎಲ್ಲ ಅಲ್ಲೇ ಇವೆ. ನನ್ನ ಅನುಕೂಲಕ್ಕೆ ಅವನ್ನು ಪಣಕ್ಕಿಡುವ ಹಕ್ಕು ನನಗಿಲ್ಲ.

ಹಾಗಾದರೆ ಡೆಸ್ಕ್‌ಟಾಪನ್ನು ಸದಾ ಆನ್ ಇಟ್ಟರಾಯಿತಲ್ಲ? ಸುಮ್ಮನೆ ಕೂತಾಗಲೂ 60 ವ್ಯಾಟ್ ಎಳೆಯುವ ಯಂತ್ರ ತಿಂಗಳಿಗೆ 43 ಯೂನಿಟ್ ತಿನ್ನುತ್ತದೆ. ಬದಲಿಗೆ ರೌಟರ್ ಪಕ್ಕದಲ್ಲಿ ಒಂದು ರಾಸ್ಪ್‌ಬೆರಿ ಪೈ ಇಡಿ. ಮೂರು ವ್ಯಾಟ್ ಆಸುಪಾಸಿನಲ್ಲಿ ಓಡುವ ಅದಕ್ಕೆ ತಿಂಗಳಿಗೆ ಎರಡು ಯೂನಿಟ್ ಸಾಕು. ಮನೆಯೊಳಗಿನಿಂದ ಕೂಗಿ ಎಬ್ಬಿಸುವ ಕೆಲಸ ಅದರದ್ದು. ಪೈ, ಡೆಸ್ಕ್‌ಟಾಪ್, ಲ್ಯಾಪ್‌ಟಾಪ್ ಮೂರಕ್ಕೂ ಟೇಲ್‌ಸ್ಕೇಲ್ ಹಾಕಿದರೆ ಈ ಮೂರರ ನಡುವೆ ಮಾತ್ರ ಗೂಢಲಿಪಿಯ ಖಾಸಗಿ ದಾರಿಯೊಂದು ಏರ್ಪಡುತ್ತದೆ. ರೌಟರ್‌ನಲ್ಲಿ ಏನನ್ನೂ ತೆರೆಯಬೇಕಿಲ್ಲ, ಹಂಚಿಕೊಂಡ ಐಪಿ ಇದ್ದರೂ ನಡೆಯುತ್ತದೆ. ಟೇಲ್‌ಸ್ಕೇಲ್‌ಗೆ ಯಾವ ಖಾತೆಯಿಂದ ಲಾಗಿನ್ ಆಗುತ್ತೀರೋ ಅದಕ್ಕೆ ಎರಡು ಹಂತದ ಭದ್ರತೆ ಇರಲೇಬೇಕು. ಈಗ ಮನೆಯ ಬೀಗದ ಕೈ ಅದೇ.

ನಂತರ ದಿನನಿತ್ಯದ ಕೆಲಸ ಸುಲಭ. ಪಿ.ಜಿ.ಯಿಂದ ಎಸ್‌ಎಸ್‌ಎಚ್ ಮೂಲಕ ಪೈ ಒಳಗೆ ಹೋಗಿ ಡೆಸ್ಕ್‌ಟಾಪಿನ ಮ್ಯಾಕ್ ವಿಳಾಸ ಕೊಡುವುದು. ಕೆಳಗಿನ ಮೊದಲ ಸಾಲು ಒಮ್ಮೆ ಮಾತ್ರ ಬೇಕು:

```
sudo apt install wakeonlan
wakeonlan AA:BB:CC:DD:EE:FF
```

ಒಂದು ನಿಮಿಷ ಕಾದು, ಡೆಸ್ಕ್‌ಟಾಪಿನ ಟೇಲ್‌ಸ್ಕೇಲ್ ವಿಳಾಸಕ್ಕೆ ರಿಮೋಟ್ ಡೆಸ್ಕ್‌ಟಾಪ್ ಜೋಡಿಸುವುದು. ಮುಗಿದ ಮೇಲೆ `shutdown /s /t 0`. ವಿಂಡೋಸ್ ಹೋಮ್ ಆವೃತ್ತಿಗೆ ಹೀಗೆ ಹೊರಗಿನಿಂದ ಸೇರಲಾಗದು, ಪ್ರೊ ಬೇಕು. ಹೋಮ್ ಇರುವವರು ಇದೇ ಖಾಸಗಿ ದಾರಿಯಲ್ಲಿ ರಸ್ಟ್‌ಡೆಸ್ಕ್ ಬಳಸಬಹುದು.

ತಲೆನೋವೆಲ್ಲ ಇರುವುದು ಡೆಸ್ಕ್‌ಟಾಪನ್ನು ಏಳುವಂತೆ ಒಪ್ಪಿಸುವುದರಲ್ಲಿ. ವೈಫೈ ನಂಬಬೇಡಿ, ರೌಟರ್‌ನಿಂದ ಕೇಬಲ್ ಎಳೆಯಿರಿ. ಬಯೋಸ್‌ನಲ್ಲಿ ವೇಕ್ ಆನ್ ಲ್ಯಾನ್ ಆನ್ ಮಾಡಿ, ವಿದ್ಯುತ್ ಉಳಿಸುವ `ErP` ಆಫ್ ಮಾಡಿ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಕಾರ್ಡಿಗೆ `Wake on Magic Packet` ಆಯ್ಕೆ ಮಾಡಿ. ಪವರ್ ಆಯ್ಕೆಗಳಲ್ಲಿ `Turn on fast startup` ಎಂಬುದರ ಟಿಕ್ ತೆಗೆಯಿರಿ. ಇದು ಇದ್ದರೆ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಪೂರ್ತಿ ಎಚ್ಚರವೂ ಇರುವುದಿಲ್ಲ. ಅಂಥ ಅರೆನಿದ್ದೆಯಿಂದ ಕಾರ್ಡ್ ಎಬ್ಬಿಸದೆ ಹೋಗುವುದು ಸಾಮಾನ್ಯ. ಸರಿಯಾಗಿದೆಯೇ ಎಂದು ತಿಳಿಯಲು ಶಟ್‌ಡೌನ್ ಮಾಡಿ ಕಂಪ್ಯೂಟರಿನ ಹಿಂಬದಿ ನೋಡಿ. ಕೇಬಲ್ ಸಿಕ್ಕಿಸಿದ ಜಾಗದ ಪುಟ್ಟ ದೀಪ ಇನ್ನೂ ಉರಿಯುತ್ತಿದ್ದರೆ ಕಾರ್ಡಿಗೆ ಜೀವವಿದೆ. ಆರಿದ್ದರೆ ಪೈಯಿಂದ ಎಷ್ಟು ಕೂಗಿದರೂ ವ್ಯರ್ಥ, ಬಯೋಸ್‌ಗೆ ಮರಳಬೇಕು.

ವಿಡಿಯೊಗಳು ಹೇಳದ ಇನ್ನೊಂದು ವಿಷಯ ಕರೆಂಟು. ಮಲೆನಾಡಿನ ನಮ್ಮ ಊರಲ್ಲಿ ಮಳೆಗಾಲದಲ್ಲಿ ಅದು ಹೋಗಿ ಬರುವುದಕ್ಕೆ ಲೆಕ್ಕವಿಲ್ಲ. ಒಮ್ಮೆ ಪೂರ್ತಿ ಕರೆಂಟು ಹೋದರೆ ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ಕಾರ್ಡ್ ಕಿವಿಗೊಡುವುದನ್ನೇ ಬಿಡುತ್ತದೆ. ಯಾರಾದರೂ ಬಟನ್ ಒತ್ತಿ ಒಮ್ಮೆ ಆನ್ ಮಾಡಿ ಆಫ್ ಮಾಡುವವರೆಗೆ ಅದು ಹಾಗೇ. ಬಯೋಸ್‌ನ `Restore on AC Power Loss` ಅನ್ನು `Power On` ಮಾಡಿದರೆ ಕರೆಂಟು ಬಂದ ಕೂಡಲೇ ಕಂಪ್ಯೂಟರ್ ತಾನೇ ಏಳುತ್ತದೆ, ಇಲ್ಲಿಂದ ನಾವು ಮಲಗಿಸಬಹುದು. ಆದರೆ ಕರೆಂಟು ಹತ್ತು ನಿಮಿಷಕ್ಕೊಮ್ಮೆ ಹೋಗುವ ಮನೆಯಲ್ಲಿ ಇದು ಹಾರ್ಡ್‌ಡಿಸ್ಕಿಗೆ ಹಿಂಸೆ. ಯುಪಿಎಸ್ ಇಲ್ಲದಿದ್ದರೆ ನಾನು ಬೇಡ ಎನ್ನುತ್ತೇನೆ. ಅಮ್ಮನಿಗೆ ಫೋನ್ ಮಾಡಿ "ಒಂದ್ಸಲ ಬಟನ್ ಒತ್ತಮ್ಮ" ಎನ್ನುವುದರಲ್ಲಿ ಅವಮಾನವೇನಿಲ್ಲ. ರೌಟರ್ ಮತ್ತು ಪೈಯನ್ನು ಮಾತ್ರ ಇನ್ವರ್ಟರ್ ಲೈನಿಗೆ ಹಾಕಿಡಿ.

ಅಂದ ಹಾಗೆ, ಮನೆಯವರಿಗೂ ಹೇಳಿ. ರಾತ್ರಿ ಹನ್ನೆರಡಕ್ಕೆ ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನ್ ಗುಂಯ್‌ಗುಟ್ಟಿ ನೀಲಿ ದೀಪ ಹತ್ತಿದರೆ ಅಜ್ಜಿ ಏನೆಂದುಕೊಂಡಾರು? ಅಪ್ಪ ಬಿಲ್ ಬರೆಯುತ್ತಿರುವಾಗ ಅವರದೇ ಖಾತೆಯಿಂದ ನೀವು ಒಳಬಂದರೆ ಅವರ ಪರದೆ ಲಾಕ್ ಆಗುತ್ತದೆ ಎಂಬುದೂ ಅವರಿಗೆ ಗೊತ್ತಿರಲಿ.

ಊರಿಂದ ಬಸ್ ಹತ್ತುವ ಮೊದಲು ಎರಡು ಸೆಟ್ಟಿಂಗ್ ನೋಡಿ. ಟೇಲ್‌ಸ್ಕೇಲ್‌ನ ಕೀ ಸಾಮಾನ್ಯವಾಗಿ 180 ದಿನಕ್ಕೆ ಮುಗಿಯುತ್ತದೆ. ಪೈಗೂ ಡೆಸ್ಕ್‌ಟಾಪಿಗೂ `Disable key expiry` ಕೊಡದಿದ್ದರೆ ಸೆಮಿಸ್ಟರ್ ಪರೀಕ್ಷೆಯ ಹೊತ್ತಿಗೇ ಬಾಗಿಲು ಮುಚ್ಚಬಹುದು. ಡೆಸ್ಕ್‌ಟಾಪಿನಲ್ಲಿ `Run unattended` ಕೂಡ ಆನ್ ಇರಲಿ, ಇಲ್ಲವಾದರೆ ಯಾರಾದರೂ ಲಾಗಿನ್ ಆಗುವವರೆಗೆ ಟೇಲ್‌ಸ್ಕೇಲ್ ಶುರುವಾಗುವುದಿಲ್ಲ. ಆಮೇಲೆ ಲ್ಯಾಪ್‌ಟಾಪನ್ನು ಮನೆಯ ವೈಫೈಯಿಂದ ಬಿಡಿಸಿ ಮೊಬೈಲ್ ಹಾಟ್‌ಸ್ಪಾಟಿಗೆ ಜೋಡಿಸಿ, ಬೆಂಗಳೂರಿನಲ್ಲೇ ಇದ್ದೀರೆಂದುಕೊಂಡು ಪರೀಕ್ಷಿಸಿ. ಶಟ್‌ಡೌನ್ ಮಾಡಿ ಒಂದು ರಾತ್ರಿ ಕಳೆದ ಮೇಲೊಮ್ಮೆ, ರೌಟರ್ ಆಫ್ ಮಾಡಿ ಆನ್ ಮಾಡಿದ ಮೇಲೊಮ್ಮೆ, ಡೆಸ್ಕ್‌ಟಾಪಿನ ಪ್ಲಗ್ ಕಿತ್ತು ಮತ್ತೆ ಹಾಕಿದ ಮೇಲೊಮ್ಮೆ.