ಗೃಹೋದ್ಯೋಗ: ಕಟ್ಟು ಕಟ್ಟಲು ಎರಡನೆಯ ಕೈ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಮನೆಗಳಲ್ಲಿ ಕೋಳಿಸಾರಿನ ಮಸಾಲೆ ಪುಡಿಯನ್ನೂ ಹಲಸಿನ ಹಪ್ಪಳವನ್ನೂ ಮಾಡಿ ಪರಸ್ಥಳದವರಿಗೆ ಕಳುಹಿಸುವ ಗೃಹಿಣಿಯರು ಉಂಟು. ಬೆಂಗಳೂರು, ಮುಂಬಯಿಗಳಲ್ಲಿ ನೆಲೆಸಿರುವ ನಮ್ಮ ಸೀಮೆಯ ಜನರು ಊರಿನ ರುಚಿಯನ್ನು ಮರೆಯರಾದುದರಿಂದ, ಫೋನಿನ ಮೂಲಕ ಬರುವ ಬೇಡಿಕೆಯು ಒಮ್ಮೊಮ್ಮೆ ಒಂದೇ ವರ್ಷದಲ್ಲಿ ಎರಡು ಮೂರು ಪಟ್ಟು ಬೆಳೆಯುವುದುಂಟು. ಹುರಿಯುವ, ಬೀಸುವ, ಒಣಗಿಸುವ ಕೆಲಸವನ್ನು ಹೇಗೋ ಸುಧಾರಿಸಿಕೊಂಡ ಮನೆಯೊಡತಿಯು, ಪಾರ್ಸೆಲು ಕಟ್ಟುವ ಕೆಲಸದಲ್ಲಿ ಸೋತುಹೋಗುತ್ತಾಳೆ. ಆಗ ಮನೆಯ ಅತ್ತಿಗೆಯನ್ನೋ ನಾದಿನಿಯನ್ನೋ ಸೊಸೆಯನ್ನೋ ನೆರೆಮನೆಯ ಹೆಂಗಸನ್ನೋ ಕೈನೆರವಿಗೆ ಕರೆಯಬೇಕಾಗುವುದು. ಹಾಗೆ ಕರೆಯುವಾಗ ಯಾವ ಕೆಲಸವನ್ನು ಒಪ್ಪಿಸಬೇಕು, ಯಾವುದನ್ನು ತನ್ನಲ್ಲಿಯೇ ಇಟ್ಟುಕೊಳ್ಳಬೇಕು, ತಪ್ಪನ್ನು ಹೇಗೆ ಕಂಡುಹಿಡಿಯಬೇಕು ಎಂಬುದನ್ನು ಈ ತಿಂಗಳು ವಿಚಾರಿಸೋಣ.

ಮೊದಲು ಮಾಡತಕ್ಕ ಕೆಲಸವು ಗಡಿಯಾರವನ್ನು ಮುಂದಿಟ್ಟುಕೊಂಡು ತನ್ನ ಕೆಲಸವನ್ನು ತಾನೇ ಅಳೆಯುವುದು. ಉದಾಹರಣೆಗಾಗಿ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಅಲ್ಲಿ ಸಾಮಾನ್ಯವಾದ ಒಂದು ಬೇಡಿಕೆಯೆಂದರೆ 200 ಗ್ರಾಮಿನ ಎರಡು ಪೊಟ್ಟಣ ಮಸಾಲೆ ಪುಡಿ, 25 ಹಪ್ಪಳದ ಒಂದು ಕಟ್ಟು. ಚೀಟಿಯನ್ನು ಓದಿ ಸಾಮಾನು ಕೂಡಿಸಲು 2 ನಿಮಿಷ. ಪುಡಿಯನ್ನು ತೂಗಿ ತುಂಬಲು 4 ನಿಮಿಷ. ಪೊಟ್ಟಣದ ಬಾಯನ್ನು ಮುಚ್ಚಿ ಚೀಟಿ ಅಂಟಿಸಲು 2 ನಿಮಿಷ. ರಟ್ಟಿನ ಪೆಟ್ಟಿಗೆಯಲ್ಲಿ ಕಾಗದದ ಮೆತ್ತೆಯಿಟ್ಟು ಜೋಡಿಸಲು 3 ನಿಮಿಷ. ಟೇಪು ಸುತ್ತಿ ವಿಳಾಸ ಅಂಟಿಸಲು 2 ನಿಮಿಷ. ಒಟ್ಟು 13 ನಿಮಿಷ. ವಾರಕ್ಕೆ 40 ಬೇಡಿಕೆಗಳಿದ್ದಾಗ ಇದು ಒಂಬತ್ತು ಗಂಟೆಗೂ ಕಡಿಮೆಯ ಕೆಲಸ. 120 ಆದಾಗ ಅದೇ ಕೆಲಸವು 26 ಗಂಟೆಗಳನ್ನು ನುಂಗುತ್ತದೆ. ಅಡುಗೆ, ಮಕ್ಕಳು, ಹಟ್ಟಿಯ ಕೆಲಸ ಇವುಗಳ ನಡುವೆ ಅಷ್ಟು ಹೊತ್ತನ್ನು ತೆಗೆಯುವುದು ಒಬ್ಬಳಿಂದ ಆಗತಕ್ಕದ್ದಲ್ಲ.

ಈ ಐದು ಹಂತಗಳಲ್ಲಿ ನೆರವಿನವಳಿಗೆ ಯಾವುದನ್ನು ಕೊಡಬೇಕು? ಕೊನೆಯ ಎರಡನ್ನು ಮಾತ್ರ ಮೊದಲು ಕೊಡತಕ್ಕದ್ದೆಂದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣವುಂಟು. ಪುಡಿಯನ್ನು ತುಂಬುವವಳ ಕೈಯಲ್ಲಿ ಪದಾರ್ಥದ ಗುಣವೇ ಅಡಗಿದೆ. ಹುರಿದು ಬೀಸಿದ ಪುಡಿಯು ಪೂರ್ತಿ ಆರುವುದಕ್ಕೆ ಮುಂಚೆ ತುಂಬಿದರೆ ಒಳಗಿನ ಆವಿಯು ನೀರಾಗಿ ಪುಡಿಯು ಗಂಟುಕಟ್ಟುವುದು. ಪೊಟ್ಟಣದ ಬಾಯಿಗೆ ಪುಡಿಯ ಧೂಳು ತಗುಲಿದ್ದರೆ ಬಿಸಿಯಿಂದ ಮುಚ್ಚಿದ ಅಂಚು ಹೊರಗೆ ನೆಟ್ಟಗೆ ಕಂಡರೂ ಒಳಗೆ ಕೂಡಿರುವುದಿಲ್ಲ. ಆ ಸಂದಿನಿಂದ ಮಳೆಗಾಲದ ತೇವವು ಒಳಹೋಗುವುದು. ಬಾಯಿಗೆ ಆಲಿಕೆಯನ್ನಿಟ್ಟು ತುಂಬಿ, ಅಂಚನ್ನು ಒಣಬಟ್ಟೆಯಿಂದ ಒರಸಿ ಮುಚ್ಚಬೇಕು. ಪ್ರತಿ ಸಲವೂ ಹತ್ತು ಪೊಟ್ಟಣಗಳಲ್ಲಿ ಒಂದನ್ನು ನೀರಿನಲ್ಲಿ ಮುಳುಗಿಸಿ ಒತ್ತಿ ನೋಡಬೇಕು. ಗುಳ್ಳೆ ಬಂದರೆ ಆ ಸಲ ಮುಚ್ಚಿದವುಗಳನ್ನೆಲ್ಲ ಪುನಃ ಪರೀಕ್ಷಿಸಬೇಕು. ಈ ಎಚ್ಚರವು ಒಂದು ದಿನದಲ್ಲಿ ಕಲಿಸಿ ಬರುವಂಥದಲ್ಲ. ಅಲ್ಲದೆ ತಿನ್ನುವ ಪದಾರ್ಥವನ್ನು ಬರಿದಾಗಿ ಮುಟ್ಟುವವರು ನಿರೋಗಿಗಳಾಗಿರಬೇಕೆಂದೂ, ವರ್ಷಕ್ಕೊಮ್ಮೆ ವೈದ್ಯರಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದೂ ಆಹಾರ ಸುರಕ್ಷತೆಯ ನಿಯಮಗಳು ಹೇಳುತ್ತವೆ. ನೆರವಿನವಳು ಮುಚ್ಚಿದ ಪೊಟ್ಟಣವನ್ನು ಮಾತ್ರ ಮುಟ್ಟುವಂತೆ ಏರ್ಪಡಿಸಿದರೆ ಪದಾರ್ಥದ ಶುಚಿಯ ಹೊಣೆಯೆಲ್ಲ ಮನೆಯೊಡತಿಯಲ್ಲಿಯೇ ಉಳಿಯುವುದು.

ಹಾಗಾದರೆ ಲೆಕ್ಕವೇನಾಯಿತೆಂದು ನೋಡೋಣ. ಪೊಟ್ಟಣ ತುಂಬಿ ಮುಚ್ಚುವ 6 ನಿಮಿಷದ ಕೆಲಸವನ್ನು ಒಡತಿಯು ಬಿಡುವಿನ ಬೆಳಗುಗಳಲ್ಲಿ ಮುಂಚಿತವಾಗಿಯೇ ಮಾಡಿಟ್ಟುಕೊಳ್ಳುತ್ತಾಳೆ. ವಾರಕ್ಕೆ 12 ಗಂಟೆ. ಸೋಮವಾರ, ಬುಧವಾರ, ಶುಕ್ರವಾರ ಹೀಗೆ ಮೂರು ದಿನ ಮಾತ್ರ ಕಟ್ಟು ಕಟ್ಟುವುದು, ದಿನಕ್ಕೆ 40. ಆ ದಿನಗಳಲ್ಲಿ ಒಡತಿಯು ಸಾಮಾನು ಕೂಡಿಸಲು 2 ನಿಮಿಷ, ಕಟ್ಟಾದ ಮೇಲೆ ಪರೀಕ್ಷಿಸಲು 1 ನಿಮಿಷ, ಹೀಗೆ ದಿನಕ್ಕೆ 2 ಗಂಟೆ ಕೆಲಸ ಮಾಡುವಳು. ನೆರವಿನವಳಿಗೆ ಒಂದಕ್ಕೆ 5 ನಿಮಿಷದಂತೆ ದಿನಕ್ಕೆ 3 ಗಂಟೆ 20 ನಿಮಿಷ, ವಾರಕ್ಕೆ 10 ಗಂಟೆ. ಪರೀಕ್ಷೆಯೆಂಬ ಹೊಸ ಹಂತವು ಸೇರಿದ್ದರಿಂದ ಇಬ್ಬರ ಒಟ್ಟು ಹೊತ್ತು 26ರಿಂದ 28 ಗಂಟೆಗೆ ಏರಿತು. ಆದರೆ ಒಡತಿಯ ಪಾಲು 18ಕ್ಕೆ ಇಳಿಯಿತು. ಮೊದಲ ವಾರದಲ್ಲಿ ಹೊಸಬಳ ಕೈ ನಿಧಾನವಾಗಿಯೇ ಓಡುವುದರಿಂದ ದಿನಕ್ಕೆ 5 ಗಂಟೆ ಬೇಕಾದರೂ ಬೇಸರಿಸಬಾರದು.

ದಿನವೂ ಕರೆಯದೆ ಮೂರು ದಿನ ಗೊತ್ತುಮಾಡಿದ್ದಕ್ಕೆ ಕಾರಣವೇನೆಂದರೆ, ಎರಡು ಕಟ್ಟಿದ್ದ ದಿನ ಹತ್ತು ನಿಮಿಷದ ಕೂಲಿಗಾಗಿ ಯಾರೂ ಬರಲಾರರು. ಬಂದರೂ ಆಕೆಯ ದಿನವು ಕೆಡುವುದು. ಹಪ್ಪಳವಾಗಲಿ ಪುಡಿಯಾಗಲಿ ಒಂದೆರಡು ದಿನ ಕಾದರೆ ಹಾಳಾಗುವಂಥವಲ್ಲ. ಬೇಡಿಕೆ ಕೊಡುವವರಿಗೆ ಕಳುಹಿಸುವ ವಾರಗಳನ್ನು ಮೊದಲೇ ತಿಳಿಸಿದ್ದರೆ ಅವರೂ ಕಾಯುವರು.

ಇನ್ನು ತಪ್ಪುಗಳ ವಿಷಯ. ಒಬ್ಬಳೇ ಮಾಡುವಾಗ ಬೇಡಿಕೆಯೆಲ್ಲ ನೆನಪಿನಲ್ಲಿಯೇ ಇರುತ್ತದೆ. ಇಬ್ಬರಾದಾಗ ನೆನಪು ಸಾಲದು, ಬರಹವೇ ಬೇಕು. ಎರಡು ಬಗೆಯ ತಪ್ಪು ಹೆಚ್ಚಾಗಿ ನಡೆಯುತ್ತದೆ. ಒಂದು, ಪೊಟ್ಟಣ ಬಿಟ್ಟುಹೋಗುವುದು. ಎರಡು, ಒಬ್ಬರ ವಿಳಾಸವು ಇನ್ನೊಬ್ಬರ ಪೆಟ್ಟಿಗೆಗೆ ಅಂಟುವುದು. ಎರಡನೆಯದಕ್ಕೆ ಮದ್ದು ಸುಲಭ. ಒಂದು ಬೇಡಿಕೆಗೆ ಒಂದು ತಟ್ಟೆ. ಆ ತಟ್ಟೆಯಲ್ಲಿಯೇ ಅದರ ಚೀಟಿ ಮತ್ತು ವಿಳಾಸ. ಪೆಟ್ಟಿಗೆ ಮುಚ್ಚಿ ವಿಳಾಸ ಅಂಟಿಸುವ ತನಕ ಮುಂದಿನ ತಟ್ಟೆಯನ್ನು ಹತ್ತಿರಕ್ಕೆ ಎಳೆಯಕೂಡದು. ಹತ್ತು ಪೆಟ್ಟಿಗೆಗಳನ್ನು ಮೊದಲು ಮುಚ್ಚಿ, ಆ ಮೇಲೆ ಹತ್ತು ವಿಳಾಸಗಳನ್ನು ಒಟ್ಟಿಗೆ ಅಂಟಿಸುವುದು ಬೇಗನೆ ಆಗುವಂತೆ ತೋರುವುದು. ಅದಲುಬದಲು ಹುಟ್ಟುವುದು ಅಲ್ಲಿಯೇ.

ಬಿಟ್ಟುಹೋದ ಪೊಟ್ಟಣವನ್ನು ಕಂಡುಹಿಡಿಯಲು ತಕ್ಕಡಿಗಿಂತ ನಂಬಿಕೆಯ ಸಾಕ್ಷಿ ಬೇರಿಲ್ಲ. ನಮ್ಮ ಉದಾಹರಣೆಯ ಕಟ್ಟನ್ನೇ ತೂಗೋಣ. ಮಸಾಲೆಯ ಪೊಟ್ಟಣ ಎರಡು, ಚೀಲದ ತೂಕವೂ ಸೇರಿ 416 ಗ್ರಾಂ, ಹಪ್ಪಳದ ಕಟ್ಟು 310, ಪೆಟ್ಟಿಗೆ 180, ಮೆತ್ತೆಯ ಕಾಗದ 60, ಟೇಪು ಮತ್ತು ಚೀಟಿ 14. ಒಟ್ಟು 980 ಗ್ರಾಂ. ಈ ಅಂಕಿಯನ್ನು ಒಡತಿಯು ಸಾಮಾನು ಕೂಡಿಸುವಾಗಲೇ ಚೀಟಿಯ ಮೂಲೆಯಲ್ಲಿ ಬರೆದಿರಬೇಕು. ಕಟ್ಟಿದ ಮೇಲೆ ತೂಗಿದಾಗ 20 ಗ್ರಾಮಿನ ಹೆಚ್ಚು ಕಡಿಮೆ ಸಹಜ. ಕಾಗದ, ಟೇಪುಗಳು ಸದಾ ಒಂದೇ ಸಮನಾಗಿರವು. ಆದರೆ 772 ತೋರಿಸಿದರೆ ಮಸಾಲೆಯ ಒಂದು ಪೊಟ್ಟಣವೂ, 670 ತೋರಿಸಿದರೆ ಹಪ್ಪಳವೂ ಹೊರಗುಳಿದಿದೆಯೆಂದು ಪೆಟ್ಟಿಗೆಯನ್ನು ತೆರೆಯದೆಯೇ ಹೇಳಬಹುದು. ಇದಕ್ಕೂ ಒಂದು ಮಿತಿಯುಂಟು. ಕೋಳಿಸಾರಿನ ಪುಡಿಯ ಬದಲು ಅದೇ ತೂಕದ ಮೀನುಸಾರಿನ ಪುಡಿ ಹೋದರೆ ತಕ್ಕಡಿಯು ಮೌನವಾಗಿರುವುದು. ಆದುದರಿಂದ ಬಗೆಬಗೆಯ ಪುಡಿಗೆ ಬೇರೆ ಬೇರೆ ಬಣ್ಣದ ಚೀಟಿ ಅಂಟಿಸಿ, ಬೇರೆ ಬೇರೆ ಡಬ್ಬಿಗಳಲ್ಲಿ ಇಡಬೇಕು.

ಪೆಟ್ಟಿಗೆಯ ಆಯ್ಕೆಯನ್ನೂ ಹೊಸಬಳ ಊಹೆಗೆ ಬಿಡಬಾರದು. ಹಪ್ಪಳ ಮುರಿದೀತೆಂಬ ಭಯದಿಂದ ಆಕೆಯು ದೊಡ್ಡ ಪೆಟ್ಟಿಗೆಯನ್ನೇ ಎತ್ತಿಕೊಳ್ಳುವಳು. ಅನೇಕ ಕೊರಿಯರ್ ಸಂಸ್ಥೆಗಳು ಉದ್ದ, ಅಗಲ, ಎತ್ತರಗಳ ಸೆಂಟಿಮೀಟರುಗಳನ್ನು ಗುಣಿಸಿ 5000ದಿಂದ ಭಾಗಿಸಿ, ಬಂದ ಕಿಲೋಗ್ರಾಮು ನಿಜವಾದ ತೂಕಕ್ಕಿಂತ ಹೆಚ್ಚಾಗಿದ್ದರೆ ಅದಕ್ಕೇ ಹಣ ಹಾಕುತ್ತವೆ. 30, 22, 10ರ ಪೆಟ್ಟಿಗೆಗೆ ಇದು 1.32 ಕಿಲೋ ಆಗುವುದು; 25, 20, 9ರ ಪೆಟ್ಟಿಗೆಗೆ 0.9 ಮಾತ್ರ. ನಿಜವಾದ ತೂಕವು ಒಂದು ಕಿಲೋಗೂ ಕಡಿಮೆಯಿದ್ದು, ಬರಿಯ ಗಾಳಿಗೆ ಹಣ ತೆತ್ತಂತಾಗುವುದು. ಹಪ್ಪಳವು ಮುರಿಯುವುದು ಪೆಟ್ಟಿಗೆ ಚಿಕ್ಕದಾದುದರಿಂದಲ್ಲ, ಒಳಗೆ ಅಲುಗಾಡುವುದರಿಂದ. ಮುಚ್ಚಿದ ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದಾಗ ಸದ್ದು ಬಾರದಿದ್ದರೆ ಸಾಕು. ಪೆಟ್ಟಿಗೆಗಳ ಅಳತೆ ಎರಡೇ ಇರಲಿ. ಮಳೆಗಾಲದಲ್ಲಿ ಅವುಗಳನ್ನು ನೆಲದ ಮೇಲಿಡದೆ ಹಲಗೆಯ ಮೇಲಿಡಬೇಕು. ತೇವ ಹಿಡಿದ ರಟ್ಟಿಗೆ ಟೇಪು ಕಚ್ಚುವುದಿಲ್ಲ.

ಕೊನೆಯದಾಗಿ ಕೂಲಿಯ ಮಾತು. ನಮ್ಮ ಸೀಮೆಯ ಹೆಂಗಸರಿಗೆ ಎಣಿಕೆಯ ಕೂಲಿ ಹೊಸದಲ್ಲ. ಬೀಡಿಯ ಎಲೆ, ಹೊಗೆಸೊಪ್ಪುಗಳನ್ನು ಮನೆಗೆ ತಂದು ಸಾವಿರದ ಲೆಕ್ಕದಲ್ಲಿ ಕಟ್ಟಿಕೊಟ್ಟವರು ಎಷ್ಟೋ ಮಂದಿ. ಆದರೆ ಕಟ್ಟಿನ ಲೆಕ್ಕದ ಕೂಲಿಯು ಅವಸರವನ್ನು ಕಲಿಸುವುದು, ಅವಸರವು ತಪ್ಪನ್ನು ತರುವುದು. ಆದುದರಿಂದ ಮೊದಲ ಎರಡು ತಿಂಗಳಾದರೂ ಗಂಟೆಯ ಲೆಕ್ಕವೇ ಲೇಸು. ಲೆಕ್ಕಕ್ಕಾಗಿ ಗಂಟೆಗೆ 100 ರೂಪಾಯಿ ಎಂದಿಟ್ಟುಕೊಂಡರೆ ವಾರದ 10 ಗಂಟೆಗೆ 1000 ರೂಪಾಯಿ; 120 ಕಟ್ಟುಗಳಿಗೆ ಹಂಚಿದರೆ ಒಂದಕ್ಕೆ ಸುಮಾರು 8 ರೂಪಾಯಿ 33 ಪೈಸೆ. ಈ ಹಣವು ಪದಾರ್ಥದ ಬೆಲೆಯಲ್ಲಿ ಮೊದಲೇ ಸೇರಿರಬೇಕು. ಹಾಗೆ ಸೇರಿಸಲು ಆಗದಿದ್ದರೆ ವ್ಯಾಪಾರವು ಬೆಳೆದಂತೆ ಕಂಡರೂ ಲಾಭವು ಬೆಳೆದಿಲ್ಲವೆಂದು ತಿಳಿಯತಕ್ಕದ್ದು. ಕೂಲಿಯು ಸರಕಾರವು ಗೊತ್ತುಮಾಡಿದ ಕನಿಷ್ಠ ವೇತನಕ್ಕಿಂತ ಕಡಿಮೆಯಾಗಕೂಡದು.

ಮನೆಯವಳೇ ನೆರವಿಗೆ ಬಂದರೆ ಈ ಲೆಕ್ಕವು ಇನ್ನೂ ಅವಶ್ಯಕ. ಪರರಿಗೆ ಕೊಡುವ ಕೂಲಿಯನ್ನು ನಾದಿನಿಗೆ ಕೊಡಲು ಕೆಲವರು ಹಿಂಜರಿಯುತ್ತಾರೆ. ನಮ್ಮವಳೇ ಅಲ್ಲವೇ ಎನ್ನುತ್ತಾರೆ. ಬಿಟ್ಟಿಯ ಕೆಲಸದಲ್ಲಿ ತಪ್ಪು ಕಂಡರೆ ಹೇಳಲು ನಾಲಗೆ ಏಳದು, ಹೇಳಿದರೆ ಮನಸ್ತಾಪ. ಹಬ್ಬ ಬಂದಾಗ, ಮಗುವಿಗೆ ಜ್ವರ ಬಂದಾಗ ಆಕೆಯು ಬಾರದಿದ್ದರೆ ಕೇಳುವ ಹಕ್ಕೂ ಇರುವುದಿಲ್ಲ. ಆಕೆ ಬಂದ ಹೊತ್ತು, ಹೋದ ಹೊತ್ತು, ಕಟ್ಟಿದ ಕಟ್ಟುಗಳು ಇವನ್ನು ಒಂದು ಪುಸ್ತಕದಲ್ಲಿ ಬರೆದು, ಶನಿವಾರ ಸಂಜೆ ಹಣವನ್ನು ಮನೆಯ ಯಜಮಾನರ ಕೈಗಲ್ಲ, ಆಕೆಯ ಕೈಗೇ ಅಥವಾ ಆಕೆಯ ಬ್ಯಾಂಕಿನ ಖಾತೆಗೇ ಸಲ್ಲಿಸಬೇಕು. ಅದೇ ಪುಸ್ತಕದ ಎದುರು ಪುಟದಲ್ಲಿ ತಿರುಗಿಬಂದ ದೂರುಗಳನ್ನೂ ಬರೆಯಬೇಕು. ಎರಡು ತಿಂಗಳು ಕಳೆದ ಮೇಲೆ ತಕ್ಕಡಿಯಲ್ಲಿ ಸಿಕ್ಕಿಬೀಳುವ ತಪ್ಪುಗಳು ವಾರಕ್ಕೆ ಒಂದೆರಡಕ್ಕೆ ಇಳಿದಿದ್ದರೆ, ಸಾಮಾನು ಕೂಡಿಸುವ ಕೆಲಸವನ್ನೂ ಆಕೆಗೆ ಒಪ್ಪಿಸಬಹುದು. ಆದರೆ ಒಂದು ಮಾತನ್ನು ಮರೆಯಬಾರದು: ಕೂಡಿಸಿದ ಕೈಯೇ ಪರೀಕ್ಷಿಸುವ ಕೈಯಾಗಕೂಡದು. ಆಗಲೂ ತಕ್ಕಡಿಯ ಮುಂದೆ ಒಡತಿಯೇ ಕುಳಿತಿರಬೇಕು.