ಮೊದಲು ಕಂಡದ್ದು, ಆಮೇಲೆ ಕಾಯಿಲೆ

ಪಿಂಪಳಗಾಂವ್ ಬಸವಂತದ ದ್ರಾಕ್ಷಿ ತೋಟದ ಕೂಲಿಯಾಳೊಬ್ಬನ ಮುಂದೋಳಿನ ಫೋಟೋ ನಾಶಿಕದ ಚರ್ಮವೈದ್ಯರ ಮೊಬೈಲಿಗೆ ಬಂದಿದೆ ಅಂದುಕೊಳ್ಳಿ. ಜೊತೆಗೆ ಒಂದೇ ಸಾಲು: “ಗಜಕರ್ಣ, ಮುಲಾಮಿಗೆ ಬಗ್ಗುತ್ತಿಲ್ಲ.” ಉಂಗುರ ಕಂಡ ಕೂಡಲೇ ಗಜಕರ್ಣ ಎಂದು ಬರೆದುಬಿಡುವ ಈ ಅಭ್ಯಾಸ ನಿಲ್ಲಬೇಕು. ಆ ಸಾಲು ಬರೆದವರು ಕಂಡದ್ದನ್ನು ಹೇಳಿಲ್ಲ, ತೀರ್ಪು ಹೇಳಿದ್ದಾರೆ. ತೀರ್ಪನ್ನು ಓದಿದ ಕಣ್ಣು ಫೋಟೋದಲ್ಲೂ ಅದನ್ನೇ ಹುಡುಕುತ್ತದೆ.

ಅದೇ ಫೋಟೋವನ್ನು ಹೀಗೆ ಬರೆಯಬಹುದಿತ್ತು: ಬಲ ಮುಂದೋಳಿನ ಹೊರಬದಿಯಲ್ಲಿ ಒಂದೇ ಪ್ಲಾಕ್, 6 ಸೆಂ.ಮೀ. ಅಗಲ, ತಾಮ್ರಗೆಂಪು ಬಣ್ಣ, ಅಂಚು ಸ್ಪಷ್ಟ, ಉಬ್ಬಿದೆ, ನಡುಭಾಗ ತಗ್ಗು, ಮೇಲ್ಮೈ ಒಣಗಿದೆ, ಹೊಟ್ಟು ಇಲ್ಲ, ಅಲ್ಲಿ ಕೂದಲು ವಿರಳ. ಈಗ ಬರಹವೇ ಗಜಕರ್ಣಕ್ಕೆ ತಕರಾರು ತೆಗೆಯುತ್ತದೆ. ಗಜಕರ್ಣದ ಶಿಲೀಂಧ್ರ ಚರ್ಮದ ತೀರ ಮೇಲಿನ ಸತ್ತ ಪದರವನ್ನು ತಿಂದು ಬದುಕುವಂಥದ್ದು, ಹಾಗಾಗಿ ಅದರ ಅಂಚಿನಲ್ಲಿ ಸಾಮಾನ್ಯವಾಗಿ ಹೊಟ್ಟು ಏಳುತ್ತದೆ. ಕುಷ್ಠದ ಉರಿಯೂತ ಇರುವುದು ಆಳದಲ್ಲಿ, ನರಗಳ ಸುತ್ತ. ಚರ್ಮ ಉಬ್ಬಿದರೂ ಹೊಟ್ಟು ಹೆಚ್ಚಾಗಿ ಇರುವುದಿಲ್ಲ, ಬೆವರು ಮತ್ತು ಕೂದಲು ಹೋಗುತ್ತವೆ. ಇಷ್ಟು ಓದಿದ ವೈದ್ಯರು ಕೇಳುವ ಮುಂದಿನ ಪ್ರಶ್ನೆ ಒಂದೇ: ಅಲ್ಲಿ ಹತ್ತಿ ಸೋಕಿಸಿದರೆ ಅವನಿಗೆ ತಿಳಿಯುತ್ತದೆಯೇ? ಫೋಟೋ ಇದಕ್ಕೆ ಉತ್ತರ ಕೊಡಲಾರದು, ಹತ್ತಿರ ಇರುವವರು ಒಂದು ನಿಮಿಷದಲ್ಲಿ ಕೊಡಬಲ್ಲರು.

ಇದಕ್ಕೆ ಬೇಕಾದ ಪದಗಳು ಬೆರಳೆಣಿಕೆಯಷ್ಟು. ಬಣ್ಣ ಮಾತ್ರ ಬದಲಾಗಿ ಕೈಗೆ ಸಿಗದ ಸಣ್ಣ ಕಲೆ ಮ್ಯಾಕ್ಯೂಲ್. ಸಣ್ಣ ಗಟ್ಟಿ ಉಬ್ಬು ಪ್ಯಾಪ್ಯೂಲ್. ಅಗಲವಾಗಿ ಹರಡಿದ ಉಬ್ಬು ಪ್ಲಾಕ್. ಸಣ್ಣದು ಎಲ್ಲಿಗೆ ಮುಗಿಯುತ್ತದೆ ಎಂಬುದರಲ್ಲಿ ಪುಸ್ತಕಗಳಿಗೇ ಒಮ್ಮತವಿಲ್ಲ. ಕೆಲವಕ್ಕೆ 5 ಮಿ.ಮೀ., ಕೆಲವಕ್ಕೆ 1 ಸೆಂ.ಮೀ. ಆದ್ದರಿಂದ ಪದದ ಜೊತೆ ಅಳತೆಯನ್ನೂ ಬರೆಯಬೇಕು. ನೇರ ಫ್ಲ್ಯಾಶ್ ಬಿದ್ದರೆ ಪ್ಲಾಕ್ ಕೂಡ ಚಪ್ಪಟೆ ಕಲೆಯಂತೆ ಕಾಣುತ್ತದೆ. ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಇನ್ನೊಂದು ಫೋಟೋ ತೆಗೆದರೆ ಉಬ್ಬಿನ ನೆರಳು ಸಿಗುತ್ತದೆ. ಬೆರಳಾಡಿಸಿ ನೋಡಿದ್ದರೆ ಅದನ್ನೂ ಹೇಳಬೇಕು.

ಅನುಭವಿ ವೈದ್ಯರು ನೋಡಿದೊಡನೆ ಗುರುತಿಸುವುದಿಲ್ಲವೇ ಎಂದು ಕೇಳುವವರಿದ್ದಾರೆ. ಗುರುತಿಸುತ್ತಾರೆ, ನಿಜ. ಆದರೆ ಹೊಟ್ಟು, ಅಂಚು, ಉಬ್ಬನ್ನು ಅವರ ಕಣ್ಣು ಆಗಲೇ ಲೆಕ್ಕಕ್ಕೆ ತೆಗೆದುಕೊಂಡಿರುತ್ತದೆ. ಆ ಲೆಕ್ಕ ಕಾಗದಕ್ಕೆ ಬರದಿದ್ದರೆ ತಪ್ಪು ಎಲ್ಲಾಯಿತೆಂದು ಎರಡನೆಯವರಿಗೆ ತಿಳಿಯುವುದು ಹೇಗೆ?

ವಿವರಣೆಯೂ ಮೋಸ ಹೋಗಬಹುದು. ಔಷಧಿ ಅಂಗಡಿಯಿಂದ ಕೇಳಿ ತಂದ ಸ್ಟೀರಾಯ್ಡ್ ಮುಲಾಮು ಹಚ್ಚಿದರೆ ನಿಜವಾದ ಗಜಕರ್ಣದ ಹೊಟ್ಟೂ ಮಾಯವಾಗುತ್ತದೆ, ಅಂಚು ಮಸುಕಾಗುತ್ತದೆ, ಶಿಲೀಂಧ್ರ ಮಾತ್ರ ಹರಡುತ್ತಲೇ ಇರುತ್ತದೆ. ಹಾಗಾಗಿ “ಹೊಟ್ಟು ಇಲ್ಲ” ಎಂದು ಬರೆದವರು ಯಾವ ಮುಲಾಮು, ಎಷ್ಟು ವಾರದಿಂದ ಎಂದೂ ಬರೆಯಬೇಕು. ಮುಲಾಮಿನ ಟ್ಯೂಬಿನ ಫೋಟೋ ಕಳಿಸಿದರೆ ಇನ್ನೂ ಒಳ್ಳೆಯದು. ಸ್ಪರ್ಶ ತಿಳಿಯುತ್ತಿದ್ದರೆ ಅಂಚನ್ನು ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ತಿಳಿಯದಿದ್ದರೆ ಮುಲಾಮು ಬದಲಿಸುತ್ತಾ ಕೂರದೆ, ಮೊಣಕೈ ಹಿಂದಿನ ನರ ದಪ್ಪವಾಗಿದೆಯೇ ಎಂದು ಅದೇ ದಿನ ಮುಟ್ಟಿ ನೋಡಬೇಕು.