ರಾಜೀನಾಮೆಗೆ ಮುಂಚಿನ ಮಾತು

ನೌಕರರು ಕಂಪನಿ ಬಿಡುವಾಗ ನಡೆಯುವ ನಿರ್ಗಮನ ಸಂದರ್ಶನಕ್ಕೆ ವ್ಯತಿರಿಕ್ತವಾಗಿ, ಅವರು ಇನ್ನೂ ಕೆಲಸದಲ್ಲಿರುವಾಗಲೇ ಇಲ್ಲಿ ಉಳಿಸಿರುವುದೇನು, ಬಿಡುವ ಯೋಚನೆ ಹುಟ್ಟಿಸುವುದೇನು ಎಂದು ಮೇಲಧಿಕಾರಿ ಕೇಳಿ ತಿಳಿಯುವ ಅರ್ಧ ಗಂಟೆಯ ಮಾತುಕತೆಗೆ ‘ಸ್ಟೇ ಇಂಟರ್‌ವ್ಯೂ’ ಎನ್ನುತ್ತಾರೆ. ಹುಬ್ಬಳ್ಳಿಯ ಇಪ್ಪತ್ತು ಜನರ ಸಾಫ್ಟ್‌ವೇರ್ ಸೇವಾ ಕಂಪನಿಯೊಂದರಲ್ಲಿ ಬೇವೂರಿನ ಡೇಟಾಬೇಸ್ ಎಂಜಿನಿಯರ್ ಒಬ್ಬಳಿದ್ದಾಳೆಂದು ಭಾವಿಸಿದರೆ, ಆಕೆಯನ್ನು ದಣಿಸಿರುವುದು ಸಂಬಳವಲ್ಲ, ಅಮೆರಿಕದ ಗ್ರಾಹಕರಿಗಾಗಿ ವಾರಗಟ್ಟಲೆ ಬೀಳುವ ರಾತ್ರಿ ಪಾಳಿ ಮತ್ತು ಅದರಿಂದ ತಪ್ಪಿಹೋಗುವ ಶನಿವಾರದ ಊರಿನ ಬಸ್ಸು ಎಂಬುದು ಇಂಥ ಮಾತಿನಲ್ಲೇ ಹೊರಬರಬಹುದು. ಬೆಂಗಳೂರಿನ ಸಂಬಳಕ್ಕೆ ಸರಿಗಟ್ಟಲಾಗದ ಮಾಲೀಕನಿಗೂ ಪಾಳಿಯನ್ನು ಮೂವರಿಗೆ ಹಂಚುವುದು ಸಾಧ್ಯ. ವಾರ್ಷಿಕ ಮೌಲ್ಯಮಾಪನದ ಜೊತೆ ಇದನ್ನು ಬೆರೆಸಿದರೆ ಮಾತ್ರ ಕೆಟ್ಟಿತು: ಇನ್‌ಕ್ರಿಮೆಂಟಿನ ಅಳುಕಿನಲ್ಲಿ “ಎಲ್ಲಾ ಚಲೋ ಐತ್ರಿ ಸರ್” ಎಂಬ ಉತ್ತರವಷ್ಟೇ ಸಿಗುತ್ತದೆ. ಒಪ್ಪಿದ ಬದಲಾವಣೆಯನ್ನು ದಿನಾಂಕ ಸಮೇತ ಬರೆದಿಟ್ಟು, ಆಗದ್ದನ್ನು ಆಗದೆಂದು ಅದೇ ವಾರ ತಿಳಿಸಬೇಕಾಗುತ್ತದೆ.